ಹೊಸ ಬ್ಯಾಟರಿ ಹಾಕಿದ ಮೂರು ವಾರಕ್ಕೆ ಮತ್ತೆ ಅದೇ ಕಥೆ: ಡಾಕ್ ಸೇರದ ಒಂದು ರೋಬೋಟ್ ವ್ಯಾಕ್ಯೂಮ್

ಮನೆಯವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಕಂಪನಿ, ಮಾಡೆಲ್ ಯಾವುದನ್ನೂ ಹೇಳಿಲ್ಲ, ಒಂದೆರಡು ಸಣ್ಣ ವಿವರಗಳನ್ನು ಬೇಕಂತಲೇ ಬದಲಾಯಿಸಿದ್ದೇನೆ. ಅಳತೆಗಳು ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿ ಇದ್ದ ಹಾಗೇ ಇವೆ. ನಾನು ಇದನ್ನೇ ಕಸುಬು ಮಾಡಿಕೊಂಡವನಲ್ಲ, ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರದ್ದಾದರೂ ಮಿಕ್ಸಿ, ರೂಟರ್, ರೋಬೋಟ್ ಕೈಕೊಟ್ಟರೆ ಮೊದಲು ನನ್ನ ಬಾಗಿಲೇ ತಟ್ಟುತ್ತಾರೆ. ಈ ಥರದ ರೋಬೋಟ್ ಇಲ್ಲಿಯವರೆಗೆ ಹತ್ತು ಹನ್ನೆರಡು ಬಿಚ್ಚಿರಬಹುದು.

ಮನೆ, ಯಂತ್ರ, ದಿನಚರಿ

ಬೆಂಗಳೂರಿನ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟ್, ಸುಮಾರು 1,100 ಚದರ ಅಡಿ, ಮನೆ ಪೂರ್ತಿ ನುಣುಪು ವಿಟ್ರಿಫೈಡ್ ಟೈಲ್ಸ್. ಇರುವವರು ಇಬ್ಬರೇ, ನಿವೃತ್ತ ದಂಪತಿ. ಅಂಕಲ್, ಆಂಟಿ ಅಂತಲೇ ಕರೆಯುತ್ತೇನೆ. ಆಂಟಿಗೆ ಮಂಡಿನೋವು, ಬಗ್ಗಿ ಗುಡಿಸೋಕೆ ಆಗಲ್ಲ ಅಂತ ಹೊರದೇಶದಲ್ಲಿರುವ ಮಗಳು 2021ರ ಶುರುವಿನಲ್ಲಿ ಒಂದು ರೋಬೋಟ್ ವ್ಯಾಕ್ಯೂಮ್ ಕಳಿಸಿದ್ದಳು. ಮೇಲೆ ತಿರುಗುವ ಲೇಸರ್ ಇರುವಂಥದ್ದು, ಕೆಳಗೆ ಒದ್ದೆ ಬಟ್ಟೆ ಸಿಕ್ಕಿಸಿದರೆ ನೆಲವನ್ನೂ ಒರೆಸುತ್ತದೆ. ಗುಂಡಗಿದೆ ಅಂತ ಮನೆಯಲ್ಲಿ ಅದಕ್ಕೆ ಗುಂಡ ಅಂತಲೇ ಹೆಸರು.

ಒಳಗಿರುವ ಬ್ಯಾಟರಿ 14.4 ವೋಲ್ಟ್, 5,200 ಎಂಎಎಚ್. ಅಂದರೆ ಟಾರ್ಚಿಗೆ ಹಾಕುವ ದಪ್ಪ ಲಿಥಿಯಂ ಸೆಲ್ ಇರುತ್ತಲ್ಲ, ಆ 18650 ಸೆಲ್‌ಗಳು ಎಂಟು, ಎರಡೆರಡರ ನಾಲ್ಕು ಜೋಡಿ. ಹೊಸದರಲ್ಲಿ ಇಡೀ ಮನೆ ಮುಗಿಸೋಕೆ 65 ನಿಮಿಷ ಹಿಡಿಯುತ್ತಿತ್ತು, ಮುಗಿಸಿ ಬಂದಾಗ 45% ಉಳಿದಿರುತ್ತಿತ್ತಂತೆ. ಇದು ಅಂಕಲ್ ಕೊಟ್ಟ ಲೆಕ್ಕ. ಅವರು ಬ್ಯಾಂಕಿನಲ್ಲಿದ್ದವರು, ಇಂಥದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತಾರೆ. ಆ ಡೈರಿ ಇಲ್ಲದಿದ್ದರೆ ನನ್ನ ಅರ್ಧ ಕೆಲಸ ಆಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ 10 ಗಂಟೆಗೆ ತಾನೇ ಹೊರಡುವ ಹಾಗೆ ಮಗಳು ಆ್ಯಪಿನಲ್ಲಿ ಟೈಮ್ ಇಟ್ಟಿದ್ದಳು. ದಿನಾ ಗುಡಿಸೋದು, ದಿನಾ ಒರೆಸೋದು. ನೀರು ಬೋರ್‌ವೆಲ್ಲಿನದು.

ತೊಂದರೆ ಶುರುವಾಗಿದ್ದು

2024ರ ಮಧ್ಯದಲ್ಲಿ ಎರಡು ದೂರು ಒಟ್ಟಿಗೆ ಬಂದವು. ಒಂದು, ಗುಂಡ ಕೆಲಸ ಮುಗಿಸಿ, ಚಾರ್ಜ್ ಆಗೋಕೆ ಕೂರುವ ಪೀಠ ಅಂದರೆ ಡಾಕ್ ಹತ್ತಿರ ಹೋಗುತ್ತೆ, ಆದರೆ ಕೂರಲ್ಲ. ಸುತ್ತುತ್ತೆ, ಹಿಂದೆ ಬರುತ್ತೆ, ಮತ್ತೆ ಹೋಗುತ್ತೆ, ಕೊನೆಗೆ ಡಾಕ್ ಸಿಗಲಿಲ್ಲ ಅಂತ ಹೇಳಿ ನಡುಮನೆಯಲ್ಲಿ ನಿಂತುಬಿಡುತ್ತೆ. ಎರಡು, ರಾತ್ರಿಯೆಲ್ಲ ಡಾಕ್ ಮೇಲೆ ಕೂತಿದ್ದರೂ ಬೆಳಿಗ್ಗೆ ನೋಡಿದರೆ 40% ಆಸುಪಾಸು, ಹೊರಟ 25 ನಿಮಿಷಕ್ಕೇ ಲೋ ಬ್ಯಾಟರಿ.

ಅವರು ಮೊದಲು ಮಾಡಿದ್ದು ರೀಸೆಟ್. ಅದರಿಂದ ಗುಂಡ ಲೇಸರಿನಿಂದ ಮಾಡಿಕೊಂಡಿದ್ದ ಮನೆಯ ಮ್ಯಾಪ್ ಅಳಿಸಿಹೋಯಿತು, ದೇವರ ಕೋಣೆಗೆ ಹೋಗಬೇಡ ಅಂತ ಹಾಕಿದ್ದ ಗೆರೆಯೂ ಹೋಯಿತು, ಮಾರನೇ ದಿನ ಗುಂಡ ರಂಗೋಲಿ ನುಂಗಿಕೊಂಡು ಬಂತು. ಆಮೇಲೆ ಸರ್ವಿಸ್ ಸೆಂಟರಿಗೆ ಫೋನು. ಯಂತ್ರವನ್ನು ನೋಡದೆಯೇ ‘ಮೂರು ವರ್ಷ ದಾಟಿದೆ ಅಲ್ವಾ ಸಾರ್, ಬ್ಯಾಟರಿ ಹೋಗಿದೆ’ ಅಂದರಂತೆ. ವಯಸ್ಸಿನ ಲೆಕ್ಕದಲ್ಲಿ ಅದು ತೀರಾ ತಪ್ಪು ಊಹೆಯೂ ಅಲ್ಲ. ಆದರೆ ಅವರು ಹೇಳಿದ ಬೆಲೆ ಕೇಳಿ ಅಂಕಲ್ ಆನ್‌ಲೈನಿನಲ್ಲಿ ಒಂದು ಹೆಸರಿಲ್ಲದ ಬ್ಯಾಟರಿ ತರಿಸಿದರು, ಮೇಲೆ 6,800 ಎಂಎಎಚ್ ಅಂತ ಅಚ್ಚಾಗಿತ್ತು, ಬೆಲೆ ಅರ್ಧಕ್ಕಿಂತ ಕಡಿಮೆ. ತಳದ ಸ್ಕ್ರೂ ಬಿಚ್ಚಿ ತಾವೇ ಹಾಕಿದರು.

ಎರಡೂ ದೂರು ಮಾಯ. ಬೆಳಿಗ್ಗೆ 100%, ಡಾಕ್‌ಗೂ ಬಂದು ಕೂರುತ್ತಿತ್ತು. ಅಂಕಲ್ ಡೈರಿಯಲ್ಲಿ ‘ಸರಿಹೋಯಿತು’ ಅಂತ ಬರೆದು ಕೆಳಗೊಂದು ಗೆರೆ ಎಳೆದಿದ್ದರು.

ಮೂರು ವಾರಕ್ಕೆ ಮತ್ತೆ ಅದೇ. ನನ್ನ ಬಾಗಿಲು ತಟ್ಟಿದ್ದು ಆವಾಗ.

ಮುಟ್ಟುವ ಮೊದಲು ನೋಡಿದ್ದು

ಹೋದ ಕೂಡಲೇ ಬಿಚ್ಚಲಿಲ್ಲ. ಒಂದು ಕುರ್ಚಿ ಹಾಕಿಕೊಂಡು ಕೂತು, ಗುಂಡನನ್ನು ಕೋಣೆಗೆ ಕಳಿಸಿ, ಮನೆಗೆ ಹೋಗು ಅಂತ ಬಟನ್ ಒತ್ತಿ ಸುಮ್ಮನೆ ನೋಡಿದೆ. ಇದು ನನಗೆ ಅನುಭವದಿಂದ ಬಂದ ಅಭ್ಯಾಸ. ಡಾಕ್ ಸೇರದೇ ಇರುವುದು ಒಂದೇ ಕಾಯಿಲೆ ಅಲ್ಲ, ಹೇಗೆ ಸೇರುತ್ತಿಲ್ಲ ಅನ್ನೋದರಲ್ಲೇ ಕಾರಣ ಇರುತ್ತದೆ.

ಅದಕ್ಕೆ ಈ ಯಂತ್ರ ಮನೆಗೆ ಹೇಗೆ ಬರುತ್ತದೆ ಅಂತ ಸ್ವಲ್ಪ ಹೇಳಬೇಕು. ಲೇಸರ್ ಮತ್ತು ಮ್ಯಾಪ್ ಅದನ್ನು ಡಾಕ್ ಇರುವ ಜಾಗದ ಹತ್ತಿರದ ತನಕ ಮಾತ್ರ ತರುತ್ತವೆ. ಕೊನೆಯ ಒಂದೆರಡು ಅಡಿ ಬೇರೆ ವ್ಯವಸ್ಥೆ. ಡಾಕ್ ಮುಂಭಾಗದಲ್ಲಿ ಕಪ್ಪು ಗಾಜಿನ ಥರ ಒಂದು ಕಿಟಕಿ ಇರುತ್ತದಲ್ಲ, ಅದರ ಹಿಂದಿನಿಂದ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಹೊರಡುತ್ತದೆ, ಟಿವಿ ರಿಮೋಟಿನಲ್ಲಿ ಇರುವಂಥದ್ದೇ. ಎಡಕ್ಕೊಂದು, ಬಲಕ್ಕೊಂದು ಕಿರಣ, ಬೇರೆ ಬೇರೆ ಸಂಕೇತ. ಎರಡೂ ಸಮನಾಗಿ ಸಿಕ್ಕರೆ ನಾನು ನಡುವೆ ಇದ್ದೀನಿ ಅಂತ ರೋಬೋಟ್ ತಿಳಿದುಕೊಂಡು ನೇರ ಒಳಗೆ ಬರುತ್ತದೆ. ಬಂದ ಮೇಲೆ ಲೋಹದ ಪಟ್ಟಿಗಳು ಮುಟ್ಟಿ, ಕರೆಂಟ್ ಸಿಕ್ಕಿದ ಮೇಲೆ ಮಾತ್ರ ಸೇರಿದೆ ಅಂತ ಒಪ್ಪುತ್ತದೆ. ಕರೆಂಟ್ ಸಿಗಲಿಲ್ಲ ಅಂದರೆ ಹಿಂದೆ ಸರಿದು ಮತ್ತೆ ಬರುತ್ತದೆ.

ಹಾಗಾಗಿ ಡಾಕಿನ ಎದುರು ಬಂದು ಕುರುಡನ ಥರ ಸುತ್ತು ಹಾಕುತ್ತಿದ್ದರೆ ಅದಕ್ಕೆ ಬೆಳಕು ಕಾಣುತ್ತಿಲ್ಲ. ನೇರ ಬಂದು ಡಾಕ್ ಮುಟ್ಟಿ, ಆಮೇಲೆ ಹಿಂದೆ ಸರಿಯುತ್ತಿದ್ದರೆ ಬೆಳಕು ಕಂಡಿದೆ, ಕರೆಂಟ್ ಸಿಕ್ಕಿಲ್ಲ. ಸೊಟ್ಟ ಬಂದು ಡಾಕನ್ನೇ ತಳ್ಳುತ್ತಿದ್ದರೆ ಡಾಕ್ ಇಟ್ಟ ಜಾಗ ಸರಿ ಇಲ್ಲ. ಇನ್ನು ನೆಟ್ಟಗೆ ಬಂದು ಕೂತು, ತುಂಬ ಚಾರ್ಜ್ ಆಗಿ, ಆದರೂ ಬೇಗ ಸುಸ್ತಾದರೆ ಆವಾಗ ಬ್ಯಾಟರಿ ಮೇಲೆ ಅನುಮಾನ ಪಡಬಹುದು.

ಗುಂಡ ಆ ಮಧ್ಯಾಹ್ನ ಐದು ಸಲದಲ್ಲಿ ಮೂರು ಸಲ ನೇರ ಬಂದು ಮುಟ್ಟಿ ಹಿಂದೆ ಸರಿಯಿತು, ಒಂದು ಸಲ ಸೊಟ್ಟ ಬಂದು ಡಾಕನ್ನು ಒಂದು ಬೆರಳಷ್ಟು ತಳ್ಳಿತು, ಒಂದು ಸಲ ಕೂತಿತು. ಒಂದು ಸಲವೂ ಕುರುಡಾಗಿ ಸುತ್ತಲಿಲ್ಲ. ನನಗೆ ಗೊಂದಲವಾಗಿದ್ದು ಅಲ್ಲೇ. ಯಾಕೆಂದರೆ ಅಂಕಲ್ ಹೇಳಿದ ದೂರಿನಲ್ಲಿ ಸುತ್ತೋದೇ ಮೊದಲು ಇತ್ತು.

ಒಂದು ತಪ್ಪು ದಾರಿ, ಒಂದು ಸ್ವಿಚ್ಚು

ಹಾಲಿನ ಪೂರ್ವಕ್ಕೆ ಬಾಲ್ಕನಿ ಇದೆ. ಬಿಸಿಲಿನಲ್ಲೂ ಇನ್ಫ್ರಾರೆಡ್ ಜಾಸ್ತಿ ಇರುತ್ತದೆ, ನೇರ ಬಿಸಿಲು ಬಿದ್ದರೆ ಡಾಕಿನ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಬೆಳಿಗ್ಗೆ ಸುತ್ತುತ್ತೆ, ಮಧ್ಯಾಹ್ನ ಸುತ್ತಲ್ಲ ಅಂದ ಮೇಲೆ ಬಿಸಿಲೇ ಅಂತ ನಾನು ಧೈರ್ಯವಾಗಿ ಹೇಳಿಬಿಟ್ಟೆ. ಬೆಳಿಗ್ಗೆ ಪರದೆ ಎಳೆಯಿರಿ ಅಂದೆ. ಮೂರು ದಿನ ಎಳೆದರು, ಏನೂ ಬದಲಾಗಲಿಲ್ಲ.

ಆಮೇಲೆ ಅಂಕಲ್ ಡೈರಿ ತಿರುವಿ ಹಾಕಿದಾಗ ಒಂದು ವಿಚಿತ್ರ ಕಂಡಿತು. ಸುತ್ತಿ ಸುತ್ತಿ ನಿಂತ ದಿನಗಳಲ್ಲಿ ಮಂಗಳವಾರ, ಶುಕ್ರವಾರ ಇಲ್ಲವೇ ಇಲ್ಲ. ಆ ಎರಡು ದಿನ ಏನು ವಿಶೇಷ ಅಂತ ಕೇಳಿದೆ. ಆಂಟಿ ಅಡುಗೆಮನೆಯಿಂದಲೇ ‘ನಾನು ಬೇಗ ದೇವಸ್ಥಾನಕ್ಕೆ ಹೋಗ್ತೀನಪ್ಪ, ಇನ್ನೇನಿದೆ’ ಅಂದರು.

‘ಬೇರೆ ದಿನ ಬೆಳಿಗ್ಗೆ ಏನು ಮಾಡ್ತೀರಾ ಆಂಟಿ?’

‘ಏನು ಮಾಡ್ತೀನಿ, ಗೀಸರ್ ಆರಿಸ್ತೀನಿ, ಫೋನ್ ಚಾರ್ಜರ್ ಆರಿಸ್ತೀನಿ, ಇವನದ್ದೂ ಆರಿಸ್ತೀನಿ. ರಾತ್ರಿಯೆಲ್ಲ ಕುಡಿದಿರ್ತಾನಲ್ಲ, ಸುಮ್ನೆ ಯಾಕೆ ಕರೆಂಟು?’

ಗೋಡೆಯ ಸ್ವಿಚ್ ಆರಿಸಿದರೆ ಡಾಕಿನ ಬೆಳಕೂ ಆರುತ್ತದೆ. ಹತ್ತು ಗಂಟೆಗೆ ಹೊರಟ ಗುಂಡ ವಾಪಸ್ ಬಂದಾಗ ಅಲ್ಲಿ ಡಾಕ್ ಇದೆ, ಆದರೆ ಅದರ ಕಣ್ಣಿಗೆ ಕತ್ತಲು. ಮಧ್ಯಾಹ್ನ ಅಂಕಲ್ ಅದನ್ನು ಎತ್ತಿ ತಂದು ಕೂರಿಸಿ, ಸ್ವಿಚ್ ಹಾಕಿ, ಡೈರಿಯಲ್ಲಿ ಬರೆಯುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರು ಮಾಡೋದು ಗೊತ್ತಿರಲಿಲ್ಲ. ಕರೆಂಟ್ ಹೋದಾಗಲೂ ಆಗುವುದು ಇದೇ, ಡಾಕ್ ಇರುವ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇಲ್ಲದಿದ್ದರೆ.

ಬೆಳಕು ಬರುತ್ತಿದೆಯಾ ಅಂತ ನೋಡೋದು ಸುಲಭ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಡಾಕಿನ ಕಪ್ಪು ಕಿಟಕಿಯ ಕಡೆ ಹಿಡಿಯಿರಿ, ಪರದೆಯ ಮೇಲೆ ನೇರಳೆ ಬಣ್ಣದ ಚುಕ್ಕಿ ಮಿಣಮಿಣ ಅನ್ನಬೇಕು. ಕೆಲವು ಫೋನಿನ ಕ್ಯಾಮೆರಾ ಈ ಬೆಳಕನ್ನು ಸೋಸಿಬಿಡುತ್ತದೆ, ಅದಕ್ಕೆ ಮೊದಲು ಟಿವಿ ರಿಮೋಟಿನ ಬಟನ್ ಒತ್ತಿ ಅದೇ ಕ್ಯಾಮೆರಾದಲ್ಲಿ ನೋಡಿಕೊಳ್ಳಿ. ರಿಮೋಟ್ ಕಂಡು ಡಾಕ್ ಕಾಣದಿದ್ದರೆ ತೊಂದರೆ ಡಾಕಿನದ್ದು. ನಾನು ಮೊದಲ ದಿನವೇ ಬೆಳಿಗ್ಗೆ ಬಂದು ಇದನ್ನು ನೋಡಿದ್ದರೆ ಬಾಲ್ಕನಿ ಪರದೆ ಎಳೆಸುವ ನಾಟಕ ಬೇಕಿರಲಿಲ್ಲ. ಮಧ್ಯಾಹ್ನ ಸ್ವಿಚ್ ಆನ್ ಇದ್ದಾಗ ನೋಡಿ ಎಲ್ಲ ಸರಿ ಇದೆ ಅಂದುಕೊಂಡಿದ್ದೆ.

ಸ್ವಿಚ್ ಮೇಲೆ ಒಂದು ಟೇಪ್ ಅಂಟಿಸಿ ‘ಗುಂಡನದು, ಮುಟ್ಟಬೇಡಿ’ ಅಂತ ಬರೆದೆವು. ಸುತ್ತೋದು ಅವತ್ತಿಗೇ ನಿಂತಿತು. ಆದರೆ ಮುಟ್ಟಿ ಹಿಂದೆ ಸರಿಯೋದು, ಬೆಳಿಗ್ಗೆ 40% ಇರೋದು, ಇವೆರಡು ಹಾಗೇ ಇದ್ದವು.

ರಾತ್ರಿ ಎಷ್ಟು ಕುಡಿಯಿತು

ಬ್ಯಾಟರಿ ತುಂಬುತ್ತಿಲ್ಲ ಅನ್ನೋದಕ್ಕೂ ಬ್ಯಾಟರಿ ಹಿಡಿದಿಟ್ಟುಕೊಳ್ಳುತ್ತಿಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬಿಚ್ಚದೇ ಇದನ್ನು ಬೇರೆ ಮಾಡೋಕೆ ನಾನು ಬಳಸೋದು ಪ್ಲಗ್ಗಿಗೆ ಸಿಕ್ಕಿಸುವ ಒಂದು ವಾಟ್ ಮೀಟರ್. ಗೋಡೆಗೂ ಡಾಕಿಗೂ ನಡುವೆ ಹಾಕಿದರೆ ಈಗ ಎಷ್ಟು ವಾಟ್ ಎಳೆಯುತ್ತಿದೆ, ಒಟ್ಟು ಎಷ್ಟು ಯೂನಿಟ್ ಎಳೆಯಿತು ಎರಡನ್ನೂ ತೋರಿಸುತ್ತದೆ.

ಅಂಕಲ್ ಹಳೇ ಬ್ಯಾಟರಿಯನ್ನು ಬಿಸಾಡಿರಲಿಲ್ಲ, ಷೆಲ್ಫಿನಲ್ಲಿ ಪೇಪರ್ ಸುತ್ತಿ ಇಟ್ಟಿದ್ದರು. ಪುಣ್ಯ. ಹೊಸದರ 6,800 ಅನ್ನೋ ಅಂಕಿ ನನಗೆ ನಂಬಿಕೆ ಬರಲಿಲ್ಲ, ಅದಕ್ಕೆ ಲೆಕ್ಕ ಸರಿಯಾಗಿ ಸಿಗಲಿ ಅಂತ ಹಳೇದನ್ನೇ ವಾಪಸ್ ಹಾಕಿದೆ.

ಕೈಯಲ್ಲಿ ಎತ್ತಿ ಡಾಕ್ ಮೇಲೆ ಕೂರಿಸಿದಾಗ ಮೀಟರ್ 27, 28 ವಾಟ್ ತೋರಿಸಿತು. ಚೆನ್ನಾಗಿ ಚಾರ್ಜ್ ಆಗುತ್ತಿದೆ ಅಂತ ಅರ್ಥ. ಎರಡು ನಿಮಿಷ ಬಿಟ್ಟು ನೋಡಿದರೆ 3 ವಾಟ್. ಗುಂಡನ ತಲೆ ಮೇಲೆ ಒಂದು ಬೆರಳು ಇಟ್ಟು ಮೆಲ್ಲಗೆ ಒತ್ತಿದೆ, 27. ಬೆರಳು ತೆಗೆದೆ, 3. ಆಂಟಿಯನ್ನು ಕರೆದು ತೋರಿಸಿದೆ, ಅವರಿಗೆ ಇದು ಬಹಳ ಇಷ್ಟವಾಯಿತು, ನಾಲ್ಕೈದು ಸಲ ತಾವೇ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರು.

ಆ ರಾತ್ರಿ ಹಾಗೇ ಬಿಟ್ಟೆವು. ಶುರುವಿನಲ್ಲಿ 8% ಇತ್ತು. ಒಂಬತ್ತು ಗಂಟೆ ಆದ ಮೇಲೆ ಮೀಟರಿನಲ್ಲಿ 0.06 ಯೂನಿಟ್, ಅಂದರೆ 60 ವಾಟ್-ಅವರ್. ಇದರಲ್ಲಿ ಡಾಕ್ ತನಗೇ ಗಂಟೆಗೆ ಒಂದೂವರೆ ವಾಟ್-ಅವರ್ ಲೆಕ್ಕದಲ್ಲಿ ಸುಮಾರು 14 ತಿಂದಿದೆ. ಅಡಾಪ್ಟರಿನ ಬಿಸಿಗೆ, ರೋಬೋಟಿನ ವೈಫೈಗೆ ಇನ್ನಷ್ಟು ಹೋಗಿದೆ. ಬ್ಯಾಟರಿಗೆ ಸೇರಿದ್ದು ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು. ಈ ಬ್ಯಾಟರಿ ಹೊಸದರಲ್ಲಿ ತುಂಬಲು 14.4 ಗುಣಿಸು 5.2, ಅಂದರೆ ಹತ್ತಿರ ಹತ್ತಿರ 75 ವಾಟ್-ಅವರ್ ಬೇಕು. ಬೆಳಿಗ್ಗೆ ಆ್ಯಪ್ 39% ತೋರಿಸುತ್ತಿತ್ತು. ಬ್ಯಾಟರಿ ಸೋರಿಲ್ಲ, ಅದಕ್ಕೆ ಊಟವೇ ಸಿಕ್ಕಿಲ್ಲ.

ಮೀಟರ್ ಇಲ್ಲದವರು ಒಂದು ಕೆಲಸ ಮಾಡಬಹುದು. ರೋಬೋಟನ್ನು ಕೂರಿಸಿ, ಕೈಯಿಂದ ಎಡಕ್ಕೆ ಬಲಕ್ಕೆ ಒಂದು ಕೂದಲೆಳೆಯಷ್ಟು ಅಲುಗಿಸಿ. ಚಾರ್ಜಿಂಗ್ ಶುರುವಾದಾಗ ಬರುವ ಶಬ್ದವೋ ದೀಪವೋ ಮತ್ತೆ ಮತ್ತೆ ಬಂದರೆ ಪಟ್ಟಿಗಳು ಸರಿಯಾಗಿ ಮುಟ್ಟುತ್ತಿಲ್ಲ. ಡಾಕಿನ ಪಟ್ಟಿಗೆ ಮಲ್ಟಿಮೀಟರ್ ಇಟ್ಟು ನೋಡಿ ವೋಲ್ಟೇಜ್ ಕಡಿಮೆ ಇದೆ, ಡಾಕ್ ಹಾಳಾಗಿದೆ ಅಂತ ತೀರ್ಮಾನಕ್ಕೆ ಮಾತ್ರ ಬರಬೇಡಿ. ಕೆಲವು ಡಾಕ್‌ಗಳು ರೋಬೋಟ್ ಬಂದು ಕೂರುವ ತನಕ ಪೂರ್ತಿ ವೋಲ್ಟೇಜ್ ಕೊಡುವುದೇ ಇಲ್ಲ.

ಪಟ್ಟಿಯ ಮೇಲಿನ ಪದರ

ಗುಂಡನನ್ನು ಮಗುಚಿ ಟಾರ್ಚ್ ಹಿಡಿದೆ. ಕೆಳಗಿನ ಎರಡು ಲೋಹದ ಪಟ್ಟಿಗಳಲ್ಲಿ ಒಂದರ ಮೇಲೆ ಕಪ್ಪು ಪೊರೆ. ಡಾಕಿನ ಪಟ್ಟಿಗಳ ಅಂಚಿನಲ್ಲಿ ಬಿಳಿ ಹುಡಿ, ಒಂದು ಕಡೆ ಸ್ವಲ್ಪ ಹಸಿರು. ಬಿಳಿಯದು ಬೋರ್‌ವೆಲ್ ನೀರಿನ ಉಪ್ಪು, ಬಕೆಟ್ಟಿನ ಅಂಚಿನಲ್ಲಿ ಕಟ್ಟುತ್ತಲ್ಲ ಅದೇ. ಹಸಿರು ಬಣ್ಣ ಅಂದರೆ ಮೇಲಿನ ಲೇಪ ಹೋಗಿ ಒಳಗಿನ ತಾಮ್ರದ ಅಂಶ ತುಕ್ಕು ಹಿಡಿಯೋಕೆ ಶುರುವಾಗಿದೆ.

ಇದು ಆದದ್ದು ಹೀಗೆ. ಒರೆಸಿ ಮುಗಿಸಿದ ಗುಂಡ ಒದ್ದೆ ಬಟ್ಟೆಯನ್ನು ಹೊಟ್ಟೆಗೆ ಕಟ್ಟಿಕೊಂಡೇ ಡಾಕ್ ಮೇಲೆ ಬಂದು ಕೂರುತ್ತದೆ, ಮಾರನೇ ದಿನದ ತನಕ ಹಾಗೇ ಇರುತ್ತದೆ. ಬಟ್ಟೆಯಿಂದ ತೇವ ಪಟ್ಟಿಗಳ ಹತ್ತಿರ ಹರಿದು ಬರುತ್ತದೆ. ಉಪ್ಪು ನೀರು, ಅದರ ಜೊತೆ ಹತ್ತಿರ ಹತ್ತಿರ 20 ವೋಲ್ಟ್ ಡಿಸಿ. ತೇವದ ಮೂಲಕ ಸಣ್ಣದಾಗಿ ಕರೆಂಟ್ ಹರಿದು ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಸಾಲದ್ದಕ್ಕೆ ಟ್ಯಾಂಕಿಗೆ ಅರ್ಧ ಮುಚ್ಚಳ ಫಿನಾಯಿಲ್ ಹಾಕುತ್ತಿದ್ದರು, ಅದರ ಅಂಟು ಬೇರೆ.

ಇಲ್ಲಿ ನನಗೆ ಹೊಳೆದದ್ದು ಆ ಮೂರು ವಾರದ ಗುಟ್ಟು. ‘ಹೊಸ ಬ್ಯಾಟರಿ ಹಾಕಿದ ದಿನ ಇದರ ಕೆಳಗೆ ಒರೆಸಿದ್ರಾ ಅಂಕಲ್?’ ಅಂತ ಕೇಳಿದೆ. ‘ಒರೆಸದೇ ಇರ್ತೀನಾ, ಅಷ್ಟು ಕೊಳೆ ಇತ್ತು, ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿದೆ, ಡಾಕನ್ನೂ ಉಜ್ಜಿದೆ’ ಅಂದರು. ಅಂದರೆ ಅವತ್ತು ರಿಪೇರಿ ಆಗಿದ್ದು ಬ್ಯಾಟರಿಯಿಂದ ಅಲ್ಲ, ಆ ಉಜ್ಜುವಿಕೆಯಿಂದ. ಬ್ಯಾಟರಿ ಬದಲಾಯಿಸೋಕೆ ಯಂತ್ರವನ್ನು ಮಗುಚಲೇಬೇಕು, ಮಗುಚಿದವರು ಒರೆಸಿಯೇ ಒರೆಸುತ್ತಾರೆ. ಎರಡನ್ನೂ ಒಂದೇ ದಿನ ಮಾಡಿದರೆ ಹೆಸರು ದುಡ್ಡು ಕೊಟ್ಟದ್ದಕ್ಕೆ ಬರುತ್ತದೆ. ದಿನಾ ಒರೆಸುತ್ತಾ ಹೋದ ಹಾಗೆ ಮೂರು ವಾರದಲ್ಲಿ ಪೊರೆ ಮತ್ತೆ ಕಟ್ಟಿಕೊಂಡಿತು.

ಈಗ ಬೇಕಂತಲೇ ಒಂದೊಂದೇ ಬದಲಾವಣೆ ಮಾಡಿದೆವು, ನಡುವೆ ಎರಡು ದಿನ ಬಿಟ್ಟು. ಮೊದಲು ಪಟ್ಟಿಗಳು ಮಾತ್ರ. ಪ್ಲಗ್ ಕಿತ್ತು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಹೋಗದ ಜಾಗಕ್ಕೆ ಮಕ್ಕಳ ಪೆನ್ಸಿಲ್ ರಬ್ಬರ್. ಕೆಲವರು ಸ್ಯಾಂಡ್‌ಪೇಪರ್ ಹಾಕುತ್ತಾರೆ, ಅವತ್ತು ಫಳಫಳ ಅನ್ನುತ್ತದೆ, ಆದರೆ ಮೇಲಿನ ತೆಳು ಲೇಪವೂ ಹೋಗಿ ಆಮೇಲೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಡಾಕಿನ ಪಟ್ಟಿಗಳ ಕೆಳಗೆ ಸ್ಪ್ರಿಂಗ್ ಇದೆ, ಬೆರಳಿನಿಂದ ಒತ್ತಿ ಬಿಟ್ಟರೆ ಎರಡೂ ಒಂದೇ ಥರ ಮೇಲೆ ಬರಬೇಕು. ಇದರಲ್ಲಿ ಒಂದು ಕಡೆ ಉಪ್ಪು ಸಿಕ್ಕಿಕೊಂಡು ಅರ್ಧ ಬಂದು ನಿಲ್ಲುತ್ತಿತ್ತು. ಆಲ್ಕೋಹಾಲ್ ಎರಡು ಹನಿ ಬಿಟ್ಟು ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಬಿಟ್ಟಿತು. ಪೂರ್ತಿ ಒಣಗಿದ ಮೇಲೆ ಪ್ಲಗ್ ಹಾಕಿದೆವು.

ಮೀಟರ್ 28ಕ್ಕೆ ಹೋಗಿ ಅಲ್ಲೇ ನಿಂತಿತು. ಅಲುಗಿಸಿದರೂ ಬೀಳಲಿಲ್ಲ. ಬೆಳಿಗ್ಗೆ 100%.

ಜಾರುವ ಡಾಕ್

ಮುಟ್ಟಿ ಹಿಂದೆ ಸರಿಯೋದು ನಿಂತರೂ ನಾಲ್ಕೈದು ಸಲಕ್ಕೊಮ್ಮೆ ಸೊಟ್ಟ ಬಂದು ಗುದ್ದೋದು ಉಳಿಯಿತು. ಇದಕ್ಕೆ ಕಾರಣ ಸೋಫಾ. ಆ ವರ್ಷ ಯುಗಾದಿಗೆ ಹೊಸ ಸೋಫಾ ಬಂದಾಗ ಡಾಕನ್ನು ಟಿವಿ ಸ್ಟ್ಯಾಂಡಿಗೂ ಚಪ್ಪಲಿ ಗೂಡಿಗೂ ನಡುವಿನ ಸಂದಿಗೆ ತಳ್ಳಿದ್ದರು. ಎರಡು ಪಕ್ಕದಲ್ಲೂ ಒಂದು ಗೇಣು ಜಾಗ ಇರಲಿಲ್ಲ. ಪಕ್ಕದಿಂದ ಬರುವಾಗ ಒಂದು ಕಿರಣ ಮಾತ್ರ ಸಿಗುತ್ತದೆ, ಇನ್ನೊಂದಕ್ಕೆ ಗೂಡು ಅಡ್ಡ. ನಡುವಿಗೆ ಬಂದು ನೇರ ಮಾಡಿಕೊಳ್ಳೋಕೆ ಜಾಗವೂ ಇಲ್ಲ.

ನಾವು ಅದನ್ನು ಎದುರು ಗೋಡೆಗೆ ತಂದೆವು. ಎರಡು ಕಡೆ ಅರ್ಧ ಮೀಟರ್, ಮುಂದೆ ಒಂದೂವರೆ ಮೀಟರ್ ಖಾಲಿ. ಇಷ್ಟು ಜಾಗ ಸಾಮಾನ್ಯವಾಗಿ ಎಲ್ಲ ಕಂಪನಿಯ ಪುಸ್ತಕದಲ್ಲೂ ಇರುತ್ತದೆ, ನಮ್ಮ ಮನೆಗಳಲ್ಲಿ ಕೊಡೋಕೆ ಆಗಲ್ಲ ಅಷ್ಟೇ.

ಜಾಗಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಟೇಪು. ನುಣುಪು ಟೈಲ್ಸ್ ಮೇಲೆ ಡಾಕಿಗೆ ಹಿಡಿತವೇ ಇರಲ್ಲ. ರೋಬೋಟ್ ಹತ್ತುವಾಗ ಸ್ವಲ್ಪ ತಳ್ಳುತ್ತದೆ, ಡಾಕ್ ಒಂದೆರಡು ಮಿಲಿಮೀಟರ್ ಓರೆಯಾಗುತ್ತದೆ, ನಾಳೆ ಇನ್ನೊಂಚೂರು. ಮನೆಕೆಲಸದವರು ಅದರ ಹಿಂದೆ ಗುಡಿಸಿ ಅಂದಾಜಿಗೆ ವಾಪಸ್ ಇಡುತ್ತಾರೆ. ಓರೆಯಾದ ಡಾಕಿನ ಮೇಲೆ ಪಟ್ಟಿಗಳು ಪೂರ್ತಿ ಅಗಲಕ್ಕೆ ಮುಟ್ಟದೆ ಅಂಚಿನಲ್ಲಿ ಮಾತ್ರ ಮುಟ್ಟುತ್ತವೆ, ಆಗ ಸ್ವಲ್ಪ ಪೊರೆ ಇದ್ದರೂ ಸಾಕು ಕರೆಂಟ್ ತಪ್ಪುತ್ತದೆ. ಟೈಲನ್ನು ಒರೆಸಿ ಒಣಗಿಸಿ ಎರಡೂ ಕಡೆ ಅಂಟುವ ಟೇಪ್ ಹಾಕಿ ಕೂರಿಸಿದೆವು. ವೈರಿನ ಉಳಿದ ಉದ್ದವನ್ನು ಡಾಕಿನ ಹಿಂದೆ ಸುತ್ತಿ ಇಟ್ಟೆವು, ಮುಂದೆ ಬಿದ್ದಿದ್ದರೆ ಗುಂಡ ಅದರ ಮೇಲೆ ಹತ್ತಿ ಓರೆಯಾಗುತ್ತಾನೆ.

ಹೊಸ ಜಾಗಕ್ಕೆ ಇಟ್ಟ ಮೇಲೆ ಗುಂಡನನ್ನು ಡಾಕ್ ಮೇಲೆ ಕೂರಿಸಿಯೇ ಕೆಲಸ ಶುರು ಮಾಡಿಸಿದೆವು. ನೆಲದ ಮೇಲೆ ಎಲ್ಲೋ ಇಟ್ಟು ಶುರು ಮಾಡಿಸಿದ್ದರೆ ಮ್ಯಾಪಿನಲ್ಲಿರುವ ಹಳೇ ಜಾಗಕ್ಕೇ ಹೋಗಿ ಹುಡುಕುತ್ತಿತ್ತು.

ಬ್ಯಾಟರಿಯ ವಯಸ್ಸು, ಕೊನೆಗೂ

ಈಗ ಮಾತ್ರ ಬ್ಯಾಟರಿ ಎಷ್ಟು ಹಳೇದಾಗಿದೆ ಅಂತ ಕೇಳೋದರಲ್ಲಿ ಅರ್ಥ ಇತ್ತು. ನನ್ನ ಹತ್ತಿರ ಹವ್ಯಾಸಕ್ಕೆ ತಗೊಂಡ ಒಂದು ಚಾರ್ಜರ್ ಇದೆ, ಬ್ಯಾಟರಿಯನ್ನು ತುಂಬಿಸಿ, ಆಮೇಲೆ ಮೆಲ್ಲಗೆ ಖಾಲಿ ಮಾಡಿ ಎಷ್ಟು ಹೊರಗೆ ಬಂತು ಅಂತ ಅಳೆಯುತ್ತದೆ. ಎರಡು ಬ್ಯಾಟರಿಯನ್ನೂ ಎದುರಿಗೇ ಕೂತು ಅಳೆದೆ. ಅನುಭವ ಇಲ್ಲದವರು ಇದಕ್ಕೆ ಕೈ ಹಾಕಬೇಡಿ, ಲಿಥಿಯಂ ಬ್ಯಾಟರಿಯ ವೈರ್ ಎರಡು ತಾಗಿದರೆ ಬೆಂಕಿ.

ಹಳೇದು, 5,200ರಲ್ಲಿ 3,850 ಎಂಎಎಚ್. ಶೇಕಡಾ 74. ಹೊಸದು, 6,800 ಅಂತ ಬರೆದದ್ದು, 4,100. ಅಂಕಲ್ ಒಂದು ನಿಮಿಷ ಏನೂ ಮಾತಾಡಲಿಲ್ಲ.

ಹಳೇದರ 74 ನನಗೆ ಆಶ್ಚರ್ಯ ಆಗಲಿಲ್ಲ. ಮೂರೂವರೆ ವರ್ಷ, ದಿನಾ ಒಂದು ಸಲ ಅಂದರೆ 1,200ರಷ್ಟು ಓಟ. ಪ್ರತಿ ಸಲ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಖಾಲಿ, ಒಟ್ಟು ಸೇರಿಸಿದರೆ 600, 650 ಸಲ ಪೂರ್ತಿ ತುಂಬಿ ಖಾಲಿ ಮಾಡಿದ ಹಾಗೆ. ಇಂಥ ಸೆಲ್‌ಗಳಿಗೆ ಅಷ್ಟು ಆದ ಮೇಲೆ ಕಾಲು ಭಾಗ ಕಳೆಯೋದು ಸಹಜ. ವಯಸ್ಸಾಗಿದೆ, ಆದರೆ ಸತ್ತಿಲ್ಲ.

ಬಿಚ್ಚದೆ ತಿಳಿಯೋಕೆ ಅಂಕಲ್ ಡೈರಿಯ ಲೆಕ್ಕವೇ ಸಾಕು. ಪೂರ್ತಿ ಚಾರ್ಜ್ ಮಾಡಿ, ಅದೇ ಮನೆ, ಅದೇ ಸಾಧಾರಣ ಸ್ಪೀಡು, ಮುಗಿದಾಗ ಎಷ್ಟು ಉಳಿಯಿತು ನೋಡಿ. ಮೊದಲು 45 ಉಳಿಯುತ್ತಿತ್ತು, ಅಂದರೆ 55 ಖರ್ಚು. ಈಗ ಬ್ಯಾಟರಿ ಮುಕ್ಕಾಲು ಇದ್ದರೆ ಅದೇ ಕೆಲಸಕ್ಕೆ 74 ಖರ್ಚಾಗಿ 26 ಉಳಿಯಬೇಕು. ಹಳೇದನ್ನು ಹಾಕಿ ಓಡಿಸಿದಾಗ ಉಳಿದದ್ದು 25, ಇನ್ನೊಂದು ದಿನ 27. ಚಾರ್ಜರಿನ ಅಳತೆಗೂ ಡೈರಿಗೂ ಸರಿಯಾಗಿ ತಾಳೆ ಆಯಿತು.

ಈ ಯಂತ್ರ 20% ಆದ ಕೂಡಲೇ ಕೆಲಸ ಬಿಟ್ಟು ಮನೆ ಕಡೆ ಹೊರಡುತ್ತದೆ. ಅಂದರೆ ಈಗ ಉಳಿದಿರುವ ಅಂತರ ಬರೀ ಐದಾರು. ಜೋರು ಸ್ಪೀಡಿನಲ್ಲಿ ಅದೂ ಸಾಲದು. ಹಳೇ ಸೆಲ್‌ಗಳ ಒಳಗಿನ ತಡೆ ಜಾಸ್ತಿ ಆಗಿರುತ್ತದೆ, ಮೋಟಾರು ಜೋರಾಗಿ ಎಳೆದಾಗ ವೋಲ್ಟೇಜ್ ಒಮ್ಮೆಲೇ ಕುಸಿಯುತ್ತದೆ, ಯಂತ್ರ ಅದನ್ನು ನೋಡಿ ಲೋ ಬ್ಯಾಟರಿ ಅನ್ನುತ್ತದೆ. ಬಾಗಿಲ ಬಳಿಯ ದಪ್ಪ ಕಾರ್ಪೆಟ್ ಮೇಲೆ ಹತ್ತಿದಾಗ ಗುಂಡ ಒಂದು ಸಲ ಹಾಗೇ ಕೂಗಿತು, ಕೆಳಗಿಳಿಸಿ ಎರಡು ನಿಮಿಷ ಬಿಟ್ಟರೆ ಮತ್ತೆ ಸರಿ. ಪರ್ಸೆಂಟ್ ಹೀಗೆ ಮೆಟ್ಟಿಲಿಳಿದ ಹಾಗೆ ದಡಬಡ ಬಿದ್ದು ಮತ್ತೆ ಏರಿದರೆ ಅದು ವಯಸ್ಸಿನ ಗುರುತು. ಕೊಳೆ ಹಿಡಿದ ಪಟ್ಟಿಯಿಂದ ಹಾಗಾಗಲ್ಲ.

ಯಾವುದನ್ನು ಹಾಕಿಡೋದು ಅನ್ನೋದರಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಜಗಳವೇ ಆಯಿತು. ‘ದುಡ್ಡು ಕೊಟ್ಟಿದ್ದೀನಿ, 250 ಜಾಸ್ತಿಯೂ ಇದೆ, ಹೊಸದೇ ಇರಲಿ’ ಅಂತ ಅಂಕಲ್. ಸುಳ್ಳು ಅಂಕಿ ಅಚ್ಚು ಹಾಕುವವರು ಒಳಗಿನ ರಕ್ಷಣಾ ಬೋರ್ಡಿನಲ್ಲಿ ಏನು ಉಳಿಸಿದ್ದಾರೋ ಯಾರಿಗೆ ಗೊತ್ತು, ಇಬ್ಬರೇ ಇರುವ ಮನೆ, ರಾತ್ರಿಯೆಲ್ಲ ಚಾರ್ಜಿಗೆ ಇರುತ್ತೆ ಅಂತ ನಾನು. ಕೊನೆಗೆ ಆಂಟಿ ಹಳೇದೇ ಇರಲಿ ಅಂದರು, ಅಲ್ಲಿಗೆ ಮುಗಿಯಿತು. ಹೊಸದನ್ನು ಅರ್ಧ ಚಾರ್ಜ್ ಮಾಡಿ ತಂಪಾದ ಕಪಾಟಿನಲ್ಲಿ ಇಟ್ಟೆವು, ವೈರಿನ ತುದಿಗೆ ಟೇಪ್ ಸುತ್ತಿ.

ಆಮೇಲೆ

ಒರೆಸೋದನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದರು, ಫಿನಾಯಿಲ್ ನಿಲ್ಲಿಸಿದರು, ಟ್ಯಾಂಕಿಗೆ ಈಗ ಫಿಲ್ಟರ್ ನೀರು. ಗುಂಡ ಬಂದು ಕೂತ ಮೇಲೆ ಒದ್ದೆ ಬಟ್ಟೆಯನ್ನು ಕಳಚಿ ಒಣಹಾಕುತ್ತಾರೆ. ಕಂಪನಿಯವರು ಹೇಳಿದ್ದ ಬ್ಯಾಟರಿಗೆ ದುಡ್ಡು ಖರ್ಚಾಗಲಿಲ್ಲ, ಹೆಸರಿಲ್ಲದ ಬ್ಯಾಟರಿಗೆ ಕೊಟ್ಟದ್ದು ಹೋಯಿತು.

ಮೊದಲ ನಲವತ್ತು ದಿನದಲ್ಲಿ ಒಂದು ಸಲ ಮಾತ್ರ ಡಾಕ್ ತಪ್ಪಿತು, ಅವತ್ತು ಕರೆಂಟ್ ಹೋಗಿತ್ತು. ದೀಪಾವಳಿಗೆ ಮನೆ ತೊಳೆಯುವಾಗ ಯಾರೋ ಟೇಪ್ ಕಿತ್ತು ಡಾಕನ್ನು ಸೊಟ್ಟ ಇಟ್ಟರು, ಎರಡು ದಿನ ಗುದ್ದಾಟ, ಮತ್ತೆ ಟೇಪ್ ಹಾಕಿದ ಮೇಲೆ ಸರಿ. ಪಟ್ಟಿಗಳ ಮೇಲೆ ಪೊರೆ ಈಗಲೂ ಕಟ್ಟುತ್ತದೆ, ತುಂಬ ನಿಧಾನವಾಗಿ. ಲೇಪ ಹೋದ ಜಾಗ ಹೋಗಿಯೇ ಹೋಗಿದೆ, ಅದಕ್ಕೆ ಔಷಧಿ ಇಲ್ಲ. ಆಂಟಿ ಶನಿವಾರ ದೇವರ ದೀಪಗಳನ್ನು ಉಜ್ಜುವಾಗ ಇದನ್ನೂ ಒಣ ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ.

ಮೊನ್ನೆ ಅಂಕಲ್ ಡೈರಿಯ ಪುಟದ ಫೋಟೋ ಕಳಿಸಿದ್ದರು. ಕೆಲಸ ಮುಗಿದಾಗ ಉಳಿದದ್ದು: 23, 22, 22, 21. ಕೆಳಗೆ ಕೆಂಪು ಇಂಕಿನಲ್ಲಿ ಒಂದು ಪ್ರಶ್ನೆ: ‘20 ಆದ ದಿನ ಕಪಾಟಿನಲ್ಲಿರೋದನ್ನು ಹಾಕಬಹುದೇ?’ ಬೇಡ ಅಂಕಲ್, ಈ ಸಲ ಒರಿಜಿನಲ್ಲೇ ತರಿಸೋಣ ಅಂತ ಬರೆದೆ. ಎರಡು ನೀಲಿ ಗೆರೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.